ದಾಸ್ತಾನಿಗೆ ಒಂದು ತೂಕ, ರೈತರ ಬಿಲ್ಲಿಗೆ ಇನ್ನೊಂದು: ಶೇಂಗಾ ಸುಲಿಯುವ ಘಟಕವೊಂದರ ಇಆರ್‌ಪಿ ಪ್ರಕರಣ

ಇದು ಶೇಂಗಾ ಕೊಂಡು, ಕಸ ತೆಗೆದು, ಒಣಗಿಸಿ, ಸುಲಿದು, ಬೀಜವನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಮಾರುವ ಮಧ್ಯಮ ಗಾತ್ರದ ಘಟಕದ ಪ್ರಕರಣ. ಕಾಯಿ ಬರುವುದು ನೇರವಾಗಿ ರೈತರಿಂದ. ವೇಬ್ರಿಡ್ಜ್, ಸಣ್ಣ ಲ್ಯಾಬ್, 40 ಟನ್ ಹಿಡಿಯುವ ಆರು ಬಿನ್‌ಗಳು, ಡ್ರೈಯರ್, ಸುಲಿಯುವ ಯಂತ್ರ ಎಲ್ಲವೂ ಅಲ್ಲಿದ್ದವು. ಖರೀದಿ, ದಾಸ್ತಾನು, ಲೆಕ್ಕಪತ್ರ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವ ERPNext ತಂತ್ರಾಂಶ ಅಳವಡಿಸಿ ಒಂದು ಹಂಗಾಮು ಕಳೆದಿತ್ತು. ರೈತರ ಬಿಲ್ಲು ಸರಿಯಾಗಿ ಹೊರಬರುತ್ತಿತ್ತು, ದುಡ್ಡೂ ಹೊತ್ತಿಗೆ ಸರಿಯಾಗಿ ಜಮೆಯಾಗುತ್ತಿತ್ತು. ಹಾಗಾಗಿ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ ಎಂದೇ ಎಲ್ಲರ ಲೆಕ್ಕ.

ತೊಂದರೆ ಗೊತ್ತಾಗಿದ್ದು ಒಂದು ಲಾಟ್‌ನ ಜಾಡು ಹಿಡಿಯುವ ಪರೀಕ್ಷೆಯಲ್ಲಿ. ಸಿದ್ಧವಾಗಿದ್ದ ಬೀಜದ ಒಂದು ಲಾಟ್ ಹಿಡಿದು, ಇದರಲ್ಲಿ ಯಾವ ರೈತರ ಕಾಯಿ ಇದೆ ಎಂದು ಸಿಸ್ಟಂಗೆ ಕೇಳಿದರು. ಸಿಸ್ಟಂ ಒಂದೊಂದು ಲೋಡಿಗೆ ಒಂದರಂತೆ ಹತ್ತು ಆವಕದ ಬ್ಯಾಚ್‌ಗಳನ್ನು ತೋರಿಸಿತು. ಬಿನ್ ಪಕ್ಕ ನೇತುಹಾಕಿದ್ದ ಕಾಗದದ ರಿಜಿಸ್ಟರ್‌ನಲ್ಲಿ ಇದ್ದದ್ದು ಏಳೇ ಲೋಡು. ಹತ್ತರಲ್ಲಿ ನಾಲ್ಕು ಆ ಬಿನ್ನಿಗೆ ಬಿದ್ದೇ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾಗಿ ಬಿದ್ದಿದ್ದ ಏಳರಲ್ಲಿ ಒಂದು ಸಿಸ್ಟಂನ ಪಟ್ಟಿಯಲ್ಲಿ ಇರಲೇ ಇಲ್ಲ. ಶೇಂಗಾದಲ್ಲಿ ಇದು ಬರೀ ಕಾಗದದ ತಪ್ಪಲ್ಲ. ಬೂಷ್ಟಿನಿಂದ ಹುಟ್ಟುವ ವಿಷ ಅಫ್ಲಾಟಾಕ್ಸಿನ್ ಕಂಡುಬಂದ ದಿನ ಯಾವ ಸರಕು ತಡೆಹಿಡಿಯಬೇಕು, ಯಾವುದನ್ನು ಬಿಡಬಹುದು ಎಂದು ನಿರ್ಧರಿಸುವುದು ಇದೇ ಪಟ್ಟಿಯಿಂದ. ಇನ್ನೂ ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋಗೆ ಒಟ್ಟು 15 ಮೈಕ್ರೋಗ್ರಾಂ. ಕೆಟ್ಟ ಕಾಯಿ ಕೆಲವೇ ಇದ್ದರೂ ಒಂದು ಲಾಟ್ ಈ ಮಿತಿ ದಾಟಿಬಿಡಬಹುದು.

ಮೊದಲು ಅನುಮಾನ ಹೋದದ್ದು ಬಿನ್ ಆಪರೇಟರ್‌ಗಳ ಮೇಲೆ. ಬ್ಯಾಚ್ ನಂಬರ್ ಆರಿಸುವಾಗ ಅಜಾಗರೂಕತೆ ಆಗಿರಬೇಕು, ಬಾರ್‌ಕೋಡ್ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆ ಬಂತು. ಬಾರ್‌ಕೋಡ್‌ನಿಂದ ಏನೂ ಆಗುತ್ತಿರಲಿಲ್ಲ. ಕಾರಣ ಬಿನ್ ಹತ್ತಿರ ಇರಲೇ ಇಲ್ಲ, ತೂಕದ ಕೋಣೆಯಲ್ಲಿತ್ತು. ಅದನ್ನು ನೋಡಲು ಒಂದೇ ಲೋಡನ್ನು ಗೇಟಿನಿಂದ ಹಿಂಬಾಲಿಸಿದರೆ ಸಾಕು.

ಒಂದು ಲೋಡು

ಗಾಡಿಯ ತುಂಬಿದ ತೂಕ 9,480 ಕಿಲೋ, ಇಳಿಸಿದ ಮೇಲೆ ಖಾಲಿ ತೂಕ 3,375. ಉಳಿದದ್ದು 6,105. ಕಾಯಿ 150 ಗೋಣಿಚೀಲದಲ್ಲಿ ಬಂದಿತ್ತು, ಚೀಲಗಳನ್ನು ಘಟಕವೇ ಇಟ್ಟುಕೊಂಡಿತು. ಹತ್ತು ಖಾಲಿ ಚೀಲ ತೂಗಿದರೆ 7 ಕಿಲೋ, ಅಂದರೆ ಒಂದಕ್ಕೆ 700 ಗ್ರಾಂ, 150ಕ್ಕೆ 105 ಕಿಲೋ. ಹೀಗೆ ಅಂಗಳಕ್ಕೆ ಇಳಿದ ಕಾಯಿ ಸರಿಯಾಗಿ 6,000 ಕಿಲೋ.

ಲ್ಯಾಬ್‌ನಲ್ಲಿ 500 ಗ್ರಾಂ ಮಾದರಿಯಿಂದ ಮಣ್ಣು, ಕಲ್ಲು, ಕಡ್ಡಿ ಎಲ್ಲ ಸೇರಿ 17.5 ಗ್ರಾಂ ಸಿಕ್ಕಿತು. ಇದು 3.5%. ತೇವಾಂಶ 10.5%. ಖರೀದಿ ಕರಾರಿನಲ್ಲಿ ಕಸ 2%ವರೆಗೆ, ತೇವಾಂಶ 8%ವರೆಗೆ ಕಡಿತವಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಆ ಗುಣಮಟ್ಟಕ್ಕೆ ಸಮನಾದ ತೂಕಕ್ಕೆ ಇಳಿಸಿ ದುಡ್ಡು ಕೊಡಬೇಕು. ಲೆಕ್ಕ ಹೀಗೆ, `fm` ಎಂದರೆ ಕಸ, `mc` ಎಂದರೆ ತೇವಾಂಶ, `stock_qty` ಎಂದರೆ ಇಳಿದ ಕಾಯಿಯ ತೂಕ:

```
fm = max(fm_pct, 2.0)
mc = max(mc_pct, 8.0)
payable_qty = stock_qty * (100 - fm) / 98 * (100 - mc) / 92
```

6,000 ಕಿಲೋಗೆ ಇದು 5,747.6 ಕಿಲೋ ಕೊಡುತ್ತದೆ. ಕಡಿತ 252.4 ಕಿಲೋ. ಹೆಚ್ಚುವರಿ 1.5 ಮತ್ತು 2.5 ಸೇರಿಸಿ ನೇರವಾಗಿ 4% ಕಳೆದಿದ್ದರೆ 240 ಕಿಲೋ ಆಗುತ್ತಿತ್ತು. ಎರಡರ ನಡುವಿನ 12.4 ಕಿಲೋ ಎಲ್ಲಿಂದ ಬಂತೆಂದರೆ, ನೇರ ಕಳೆಯುವ ವಿಧಾನ ಕಾಯಿಯ ಒಣ ಅಂಶವನ್ನು ಗಮನಕ್ಕೆ ತೆಗೆದುಕೊಳ್ಳುವುದಿಲ್ಲ. 100 ಕಿಲೋ ಕಾಯಿಯಲ್ಲಿ ತೇವ 10.5 ಇದ್ದರೆ ಒಣ ಅಂಶ 89.5. ತೇವ 8ಕ್ಕೆ ಇಳಿದಾಗ ಅದೇ 89.5 ಕಿಲೋ ಒಟ್ಟು ತೂಕದ 92% ಆಗಿರಬೇಕು, ಹಾಗಾಗಿ ಉಳಿಯುವುದು 97.28 ಕಿಲೋ, 97.5 ಅಲ್ಲ. ಎರಡು ವಿಧಾನಗಳಲ್ಲಿ ಯಾವುದನ್ನಾದರೂ ಬಳಸಬಹುದು. ಆದರೆ ಯಾವುದು ಎಂದು ಕರಾರಿನಲ್ಲಿ ಬರೆದಿರಬೇಕು, ಸಿಸ್ಟಂನಲ್ಲೂ ಅದೇ ಇರಬೇಕು. ಕಾಗದದಲ್ಲಿ ಒಂದು, ಸೂತ್ರದಲ್ಲಿ ಇನ್ನೊಂದು ಇದ್ದರೆ ಪ್ರತಿ ಬಿಲ್ಲೂ ಜಗಳಕ್ಕೆ ದಾರಿ.

ಎಲ್ಲಿ ಕೆಟ್ಟಿತು

ತೂಕದ ಕೋಣೆಯವರು `Purchase Receipt`ನ `Accepted Quantity` ಜಾಗದಲ್ಲಿ ಬರೆದದ್ದು 5,747.6. ಬಿಲ್ಲಿನ ಮೊತ್ತ ಬರುವುದು ಅಲ್ಲಿಂದಲೇ, ದರಕ್ಕೆ ಗುಣಿಸಿದರೆ ರೈತರಿಗೆ ಕೊಡಬೇಕಾದ ದುಡ್ಡು ತಾಳೆಯಾಗುತ್ತದೆ. ಲೆಕ್ಕಪತ್ರದ ಕಣ್ಣಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಅದೇ ಸಂಖ್ಯೆ ದಾಸ್ತಾನಿಗೂ ಹೋಗುತ್ತದೆ. ಅಂಗಳದಲ್ಲಿ ಬಿದ್ದಿರುವುದು 6,000 ಕಿಲೋ, ಸಿಸ್ಟಂ ಪ್ರಕಾರ ಆ ಬ್ಯಾಚ್‌ನಲ್ಲಿ ಇರುವುದು 5,747.6.

ಮುಂದೆ ಆ ರಾಶಿ ಬಿನ್ನಿಗೆ ಹೋಗುವಾಗ ಎಲಿವೇಟರ್ ಕೆಳಗಿನ ತೂಕದ ಹಾಪರ್ ಸುಮಾರು 6,000 ಕಿಲೋ ತೋರಿಸುತ್ತದೆ. ಆಪರೇಟರ್ ಅದನ್ನು ಬರೆದು `Submit` ಒತ್ತಿದರೆ, ಬ್ಯಾಚ್‌ನಲ್ಲಿ ಅಷ್ಟು ಸರಕಿಲ್ಲ ಎಂದು ಸಿಸ್ಟಂ ತಡೆಯುತ್ತದೆ. ಸುಮಾರು 252 ಕಿಲೋ ಕೊರತೆ. ರಾತ್ರಿ ಪಾಳಿ, ಹಿಂದೆ ಇನ್ನೂ ನಾಲ್ಕು ರಾಶಿ ಕಾದಿದೆ. ಅವರು ಪಟ್ಟಿಯಲ್ಲಿ ಸರಕು ಕಾಣುತ್ತಿದ್ದ ಇನ್ನೊಂದು ಬ್ಯಾಚ್ ಆರಿಸಿ 252 ಕಿಲೋ ಅಲ್ಲಿಂದ ತುಂಬಿಸಿದರು. ಎಂಟ್ರಿ ಪಾಸಾಯಿತು. ಅಲ್ಲಿಗೆ ಬಿನ್ನಿನ ವಂಶಾವಳಿಗೆ ಸಂಬಂಧವಿಲ್ಲದ ರೈತರೊಬ್ಬರು ಸೇರಿದರು. ಯಾರಿಂದ ಸಾಲ ತೆಗೆದರೋ ಆ ಬ್ಯಾಚ್‌ಗೆ ಈಗ ಎರಡು ಕೊರತೆ: ತನ್ನ ಕಡಿತದ್ದು, ಸಾಲ ಕೊಟ್ಟದ್ದು. ಅದನ್ನು ಬಿನ್ನಿಗೆ ಹಾಕುವಾಗ ಇನ್ನೂ ದೊಡ್ಡ ಸಾಲ ಬೇಕಾಗುತ್ತದೆ. ಕೆಲವು ಬ್ಯಾಚ್‌ಗಳು ಹೀಗೆ ಸಾಲ ಕೊಟ್ಟೂ ಕೊಟ್ಟೂ, ತಮ್ಮ ಕಾಯಿ ಅಂಗಳ ಬಿಡುವ ಮೊದಲೇ ಸಿಸ್ಟಂನಲ್ಲಿ ಸೊನ್ನೆಗೆ ಬಂದಿದ್ದವು. ಪಟ್ಟಿಯಲ್ಲಿ ಕಾಣೆಯಾಗಿದ್ದ ಆ ಒಂದು ಲೋಡಿನ ಕಥೆ ಇದೇ. ಅದರ ಕಾಯಿ ನಿಜವಾಗಿ ಬಿನ್ನಿಗೆ ಬಿದ್ದಾಗ ಎಂಟ್ರಿಯನ್ನು ಪೂರ್ತಿಯಾಗಿ ಬೇರೆಯವರ ನಂಬರ್‌ಗಳ ಮೇಲೆ ಮಾಡಿದ್ದರು.

`Allow Negative Stock` ಆನ್ ಮಾಡಿದರೆ ಎಂಟ್ರಿ ತಡೆಯುವುದಿಲ್ಲವಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಬ್ಯಾಚ್ ಇರುವ ಸರಕಿಗೆ ಆ ಆಯ್ಕೆಯಿಂದ ತಡೆ ಹೋಗುತ್ತದೆ ಎಂಬ ಖಾತ್ರಿಯಿಲ್ಲ. ಹೋದರೂ ಸಾಲದ ಬದಲು ಋಣ ದಾಸ್ತಾನು ಬರುತ್ತದೆ, ಮೌಲ್ಯದ ಲೆಕ್ಕವೂ ಹಾಳಾಗುತ್ತದೆ. ಕಂಡ ಎಚ್ಚರಿಕೆಯ ಬಾಯಿ ಮುಚ್ಚಿಸಿದಂತೆ ಅಷ್ಟೆ.

ಇನ್ನೊಂದು ಪರಿಣಾಮ ತಡವಾಗಿ ಕಂಡಿತು. ಈ 6,000 ಕಿಲೋದಿಂದ ಯಂತ್ರ 170 ಕಿಲೋ ಕಸ ತೆಗೆದು 5,830 ಉಳಿಸುತ್ತದೆ. 10.5ರಿಂದ 8%ಗೆ ಒಣಗಿಸಿದರೆ ಸುಮಾರು 5,670. ಅಂದರೆ ನಿಜವಾದ ನಷ್ಟ 330 ಕಿಲೋ. ಸಿಸ್ಟಂನ 5,748ರಿಂದ ನೋಡಿದರೆ ನಷ್ಟ ಬರೀ 78. ನಷ್ಟ ಇಷ್ಟು ಕಡಿಮೆ ಕಾಣುವಾಗ ಡ್ರೈಯರ್ ಅತಿಯಾಗಿ ಒಣಗಿಸುತ್ತಿದೆಯೇ, ದಾರಿಯಲ್ಲಿ ಕಾಯಿ ಸೋರುತ್ತಿದೆಯೇ ಎಂದು ಯಾರೂ ಹುಡುಕುವುದಿಲ್ಲ. 200 ಕಿಲೋ ಕಾಣೆಯಾದರೂ ವರದಿ ಮಾಮೂಲಿಯಾಗೇ ಇರುತ್ತದೆ.

ಎರಡು ತೂಕಗಳನ್ನು ಬೇರೆ ಮಾಡುವುದು

ಪರಿಹಾರದ ತಿರುಳು ಒಂದೇ ಸಾಲು: ದಾಸ್ತಾನಿಗೆ ಭೌತಿಕ ತೂಕ, ಬಿಲ್ಲಿಗೆ ಪಾವತಿ ತೂಕ. `Accepted Quantity`ಗೆ 6,000 ಹೋಗುತ್ತದೆ. `payable_qty`, `agreed_rate` ಎಂದು ಎರಡು ಹೊಸ ಫೀಲ್ಡ್ ಸೇರಿಸಿ, ಮೊತ್ತ ಅವೆರಡರ ಗುಣಲಬ್ಧ ಆಗುವಂತೆ ಮಾಡಿದರು. ERPNext ಮೊತ್ತವನ್ನು ಪ್ರಮಾಣ ಮತ್ತು ದರದಿಂದಲೇ ಲೆಕ್ಕ ಹಾಕುವುದರಿಂದ, ಸ್ಕ್ರಿಪ್ಟ್ ದರದ ಜಾಗದಲ್ಲಿ ಕಡಿತಗೊಂಡ ದರ ತುಂಬುತ್ತದೆ: `agreed_rate * payable_qty / stock_qty`.

ಇಲ್ಲಿ ದಶಾಂಶದ ತೊಡಕೊಂದಿದೆ. ಕಿಲೋಗೆ ದರ 100 ಎಂದು ಇಟ್ಟುಕೊಳ್ಳೋಣ. ಕೊಡಬೇಕಾದ್ದು 5,74,760. ಕಡಿತಗೊಂಡ ದರ 95.79333... ಇದನ್ನು ಎರಡು ದಶಾಂಶಕ್ಕೆ ಸರಿಮಾಡಿದರೆ 95.79 × 6,000 = 5,74,740. ಇಪ್ಪತ್ತು ಕಡಿಮೆ. ರೈತರು ಕೈಯಲ್ಲಿ ಲೆಕ್ಕ ಹಾಕಿ ನೋಡುತ್ತಾರೆ, ನೋಡಬೇಕು ಕೂಡ. ಈ ಇಪ್ಪತ್ತು ಎಲ್ಲಿ ಹೋಯಿತು ಎಂದು ಕೇಳಿದರೆ ದಶಾಂಶದ ಪಾಠ ಹೇಳುವುದು ಉತ್ತರವಲ್ಲ. ದರದ ಫೀಲ್ಡ್‌ನ ನಿಖರತೆಯನ್ನು ಆರು ದಶಾಂಶಕ್ಕೆ ಏರಿಸಿ, ಮೊತ್ತವನ್ನು ಮಾತ್ರ ಎರಡಕ್ಕೆ ಸರಿಮಾಡಿದರೆ ವ್ಯತ್ಯಾಸ ಹೋಗುತ್ತದೆ.

ಮುದ್ರಿತ ಬಿಲ್ಲಿನಲ್ಲಿ ಆ ವಿಚಿತ್ರ ದರ ಕಾಣಿಸಬಾರದು. ಅಲ್ಲಿ ತುಂಬಿದ ತೂಕ, ಖಾಲಿ ತೂಕ, ಚೀಲದ ತೂಕ, ಕಾಯಿಯ ತೂಕ, ಕಸದ ಕಡಿತ ಎಷ್ಟು ಕಿಲೋ, ತೇವಾಂಶದ ಕಡಿತ ಎಷ್ಟು ಕಿಲೋ, ಪಾವತಿ ತೂಕ, ದರ, ಮೊತ್ತ, ಮುಂಗಡದ ವಜಾ, ಬ್ಯಾಂಕಿಗೆ ಹೋಗುವ ದುಡ್ಡು ಹೀಗೆ ಕ್ರಮವಾಗಿ ಇರಬೇಕು. ಕಡಿತ ಶೇಕಡಾದಲ್ಲಿ ಹೇಳುವುದಕ್ಕಿಂತ ಕಿಲೋದಲ್ಲಿ ಹೇಳಿದರೆ ತಕರಾರು ಕಡಿಮೆ. ಈ ಲೋಡಿಗೆ ಕಸದ್ದು 91.8, ತೇವದ್ದು 160.6.

ಪಾವತಿಯಲ್ಲಿ ಇನ್ನೆರಡು ಬೀಗ ಹಾಕಿದರು. ಒಂದು ತೂಕದ ಚೀಟಿಗೆ ಒಂದೇ ರಸೀದಿ. ಚೀಟಿ ನಂಬರ್ ಫೀಲ್ಡನ್ನು `Unique` ಮಾಡಿದರೆ ಎರಡನೇ ಸಲ ಹಾಕಲು ಹೋದಾಗ ಸಿಸ್ಟಂ ಒಪ್ಪುವುದಿಲ್ಲ. ರೈತರ ಬ್ಯಾಂಕ್ ಖಾತೆ ಬದಲಾದರೆ, ಬದಲಿಸಿದವರಲ್ಲದೆ ಇನ್ನೊಬ್ಬರು ಒಪ್ಪುವವರೆಗೆ ಆ ಖಾತೆಗೆ ದುಡ್ಡು ಹೋಗದು. ಬ್ಯಾಂಕಿನಿಂದ ವಾಪಸ್ ಬಂದ ಪಾವತಿಯನ್ನು ರದ್ದು ಮಾಡಿ ಬಿಲ್ಲನ್ನು ಮತ್ತೆ ಬಾಕಿ ಎಂದು ತೋರಿಸಬೇಕು. ಇದನ್ನು ಮರೆತರೆ ಸಿಸ್ಟಂನಲ್ಲಿ ದುಡ್ಡು ಕೊಟ್ಟಾಗಿದೆ, ರೈತರ ಕೈಗೆ ಬಂದಿಲ್ಲ.

ತೂಕ ಮತ್ತು ಮಾದರಿ

ಭೌತಿಕ ತೂಕವೇ ಎಲ್ಲದರ ಬುಡ ಎಂದಾದ ಮೇಲೆ ಅದು ಬರುವ ದಾರಿಯನ್ನೂ ಭದ್ರ ಮಾಡಬೇಕಾಯಿತು. ವೇಬ್ರಿಡ್ಜ್ ಇಂಡಿಕೇಟರ್ ಸೀರಿಯಲ್ ಕೇಬಲ್ ಮೂಲಕ ಸೆಕೆಂಡಿಗೆ ಹಲವು ಸಲ ತೂಕ ಕಳಿಸುತ್ತಲೇ ಇರುತ್ತದೆ. ಗಾಡಿ ಇನ್ನೂ ಅಲುಗುತ್ತಿರುವಾಗ ಬಂದ ಸಂಖ್ಯೆಯನ್ನು ಪ್ರೋಗ್ರಾಂ ಹಿಡಿದುಕೊಂಡರೆ ಹತ್ತಾರು ಕಿಲೋ ಹೆಚ್ಚುಕಡಿಮೆ. ಮೂರು ಸೆಕೆಂಡ್ ಒಂದೇ ಸಂಖ್ಯೆ ನಿಂತರೆ ಮಾತ್ರ ಸ್ವೀಕರಿಸುವ ನಿಯಮ ಹಾಕಿದರು. ಕೀಬೋರ್ಡಿನಿಂದ ತೂಕ ಟೈಪ್ ಮಾಡುವ ಅವಕಾಶ ತೆಗೆದುಹಾಕಿದರು. ಗಾಡಿ ಏರುವ ಮೊದಲು ಸೊನ್ನೆ ಇತ್ತೇ ಎಂಬುದೂ ಚೀಟಿಯಲ್ಲಿ ದಾಖಲಾಗುತ್ತದೆ.

ಖಾಲಿ ತೂಕದಲ್ಲಿ ನಡೆಯುವ ಮೋಸ ಅಥವಾ ಎಡವಟ್ಟು ಹೆಚ್ಚು ಸೂಕ್ಷ್ಮ. ಹೋದ ಸಲದ ಖಾಲಿ ತೂಕವನ್ನೇ ಬಳಸುವುದು, ತುಂಬಿದಾಗ ಚಾಲಕ ಒಳಗಿದ್ದು ಖಾಲಿಯಾದಾಗ ಇಳಿದಿರುವುದು, ಮಳೆಯಲ್ಲಿ ಚಕ್ರಕ್ಕೆ ಹತ್ತಿದ ಮಣ್ಣು ಅಂಗಳದಲ್ಲೇ ಉದುರುವುದು ಇವೆಲ್ಲ ಕಾಯಿಯ ಲೆಕ್ಕಕ್ಕೆ ಸೇರಿಬಿಡುತ್ತವೆ. ಅದೇ ಗಾಡಿಯ ಹಿಂದಿನ ಖಾಲಿ ತೂಕಗಳಿಗಿಂತ 1%ಗೂ ಹೆಚ್ಚು ವ್ಯತ್ಯಾಸ ಬಂದರೆ ಸಿಸ್ಟಂ ಕಾರಣ ಕೇಳುತ್ತದೆ. 3,375 ಕಿಲೋ ಗಾಡಿಗೆ ಇದು ಸುಮಾರು 34 ಕಿಲೋ. ಚಾಲಕ ಇಳಿದು ಹೋದದ್ದೂ ಸಿಕ್ಕಿಬೀಳುವಷ್ಟು ಬಿಗಿ.

ಲ್ಯಾಬ್‌ನಲ್ಲಿ ಶೇಕಡಾ ಬರೆಯಲು ಬಿಡದೆ ಗ್ರಾಂ ಬರೆಸಿದರು. 3.5% ಎಂದು ನೇರ ಬರೆಯುವವರು ಅಂದಾಜಿನಲ್ಲಿ ಬರೆಯಬಲ್ಲರು, 500ಕ್ಕೆ 17.5 ಗ್ರಾಂ ಎಂದು ಬರೆಯಲು ತಕ್ಕಡಿಯಲ್ಲಿ ಇಟ್ಟೇ ನೋಡಬೇಕು. `Item`ನಲ್ಲಿ `Inspection Required before Purchase` ಆನ್ ಆದ್ದರಿಂದ, `Quality Inspection` ಇಲ್ಲದ ರಸೀದಿ ಮುಂದೆ ಹೋಗುವುದಿಲ್ಲ. ಮಾದರಿ ಲ್ಯಾಬ್‌ಗೆ ಹೋಗುವುದು ನಂಬರಿನ ಮೇಲೆ, ರೈತರ ಹೆಸರಿನ ಮೇಲಲ್ಲ.

ಗ್ರೇಡ್ ಒಪ್ಪದ ರೈತರಿಗಾಗಿ ಪ್ರತಿ ಲೋಡಿನಿಂದ ಒಂದು ಕಿಲೋ ಮಾದರಿ ಮೊಹರು ಹಾಕಿ ಮೂರು ದಿನ ಇಡುತ್ತಾರೆ. ಮೊದಲು ಅದನ್ನು ಬಟ್ಟೆ ಚೀಲದಲ್ಲಿ ಇಡುತ್ತಿದ್ದರು. ಮರುಪರೀಕ್ಷೆಯಲ್ಲಿ ತೇವಾಂಶ ಪ್ರತಿ ಸಲವೂ ಕಡಿಮೆ ಬರುತ್ತಿತ್ತು, ತಕರಾರು ಮಾಡಿದವರೇ ಗೆಲ್ಲುತ್ತಿದ್ದರು. ಯಾರೂ ಮೋಸ ಮಾಡಿರಲಿಲ್ಲ. ಮಾದರಿ ಕಪಾಟಿನಲ್ಲೇ ಒಣಗುತ್ತಿತ್ತು. ಗಾಳಿಯಾಡದ ಡಬ್ಬಿಗೆ ಬದಲಿಸಿದ ಮೇಲೆ ಎರಡು ಅಳತೆಗಳು ಹತ್ತಿರ ಬಂದವು. ಮರುಪರೀಕ್ಷೆಗೆ ಹೊಸ ದಾಖಲೆ ತೆರೆಯುತ್ತಾರೆ, ಹಳೆಯದನ್ನು ತಿದ್ದುವುದಿಲ್ಲ.

ಬಿನ್ನೊಳಗೆ ಗುರುತು ಕರಗುವ ಜಾಗ

ಏಳು ಲೋಡು ಒಂದು ಬಿನ್ನಿಗೆ ಬಿದ್ದ ಮೇಲೆ ಯಾವ ಕಾಯಿ ಯಾರದ್ದೆಂದು ಹೇಳಲು ಸಾಧ್ಯವಿಲ್ಲ. ಸಾಧ್ಯವಿದೆ ಎಂದು ಸಿಸ್ಟಂನಲ್ಲಿ ನಟಿಸುವುದೂ ಬೇಡ. ಬಿನ್ ತುಂಬಿ ಮುಚ್ಚಿದಾಗ `Stock Entry`ಯಲ್ಲಿ `Repack` ಬಗೆ ಬಳಸಿ, ಏಳೂ ಬ್ಯಾಚ್‌ಗಳನ್ನು ಪೂರ್ತಿಯಾಗಿ ಒಳಹಾಕಿ, ಬಿನ್ನಿಗೆ ಒಂದು ಹೊಸ ಬ್ಯಾಚ್ ಹುಟ್ಟಿಸುತ್ತಾರೆ. ಇಲ್ಲಿಂದ ಮುಂದೆ ಗುರುತು ಬಿನ್ನಿನದ್ದು. ಬೀಜದ ಪ್ರತಿ ಗಾತ್ರ, ಒಡೆದ ಬೇಳೆ, ಎಣ್ಣೆಗೆ ಹೋಗುವ ಮಾಲು ಎಲ್ಲಕ್ಕೂ ಬೇರೆ ಬೇರೆ ಬ್ಯಾಚ್, ತಾಯಿ ಮಾತ್ರ ಒಂದೇ.

ಒಳಗೆ ಹೋದದ್ದು ಪೂರ್ತಿ ಎಂಬುದು ಮುಖ್ಯ. ಅಂಗಳದಲ್ಲಿ ಎರಡು ಮೂರು ದಿನ ಬಿದ್ದ ಕಾಯಿ ತಾನೇ ಒಣಗುತ್ತದೆ. 10.5ರಿಂದ 9.5%ಗೆ ಇಳಿದರೆ 6,000 ಕಿಲೋ 5,934 ಆಗುತ್ತದೆ. ಈ 66 ಕಿಲೋವನ್ನು ಹಾಗೇ ಬಿಟ್ಟರೆ ಕಾಯಿಯಿಲ್ಲದ ಬ್ಯಾಚ್ ಸಿಸ್ಟಂನಲ್ಲಿ ಬಾಲದಂತೆ ಉಳಿದು, ಯಾರಾದರೂ ಮತ್ತೆ ಸಾಲ ತೆಗೆಯಲು ಅನುಕೂಲ ಮಾಡಿಕೊಡುತ್ತದೆ. ಹಾಗಾಗಿ `Repack`ನಲ್ಲಿ 6,000 ಒಳಗೆ, ಹಾಪರ್ ತೂಗಿದಷ್ಟು ಹೊರಗೆ, ವ್ಯತ್ಯಾಸ ಅಲ್ಲೇ ತೇವದ ನಷ್ಟವಾಗಿ ಕಾಣುತ್ತದೆ. ವ್ಯತ್ಯಾಸ 1.5% ಮೀರಿದರೆ ಮೇಲ್ವಿಚಾರಕರು ಕಾರಣ ಬರೆಯದೆ ಎಂಟ್ರಿ ಸಾಗದು. ಹೊರಗೆ ಬಂದದ್ದು ಒಳಗೆ ಹೋದದ್ದಕ್ಕಿಂತ ಹೆಚ್ಚಾದರೆ, ಒಂದು ಕಿಲೋ ಆದರೂ ಸರಿ, ನಿಲ್ಲಿಸಿ ನೋಡಬೇಕು. ಮಳೆಗೆ ನೆನೆಯದ, ಗಾಳಿಯ ತೇವ ಹೀರದ ಕಾಯಿ ತೂಕ ಹೆಚ್ಚಿಸಿಕೊಳ್ಳುವುದಿಲ್ಲ. ಒಂದೋ ತಕ್ಕಡಿ ತಪ್ಪಿದೆ, ಇಲ್ಲ ಬೇರೆ ರಾಶಿ ಸೇರಿದೆ.

ಬಿನ್ ಖಾಲಿಯಾಗಿ ಗುಡಿಸದೆ ಹೊಸ ಬ್ಯಾಚ್ ನಂಬರ್ ತೆರೆಯುವಂತಿಲ್ಲ ಎಂಬ ನಿಯಮಕ್ಕೆ ಉತ್ಪಾದನೆಯವರಿಂದ ಬಲವಾದ ವಿರೋಧ ಬಂತು. ಬಿನ್ ಅರ್ಧ ಇರುವಾಗಲೇ ಮೇಲಿಂದ ಸುರಿಯುವುದು ಅವರಿಗೆ ಸಲೀಸು. ಆದರೆ ಎಂದೂ ಖಾಲಿಯಾಗದ ಬಿನ್ನಿನಲ್ಲಿ ಹಂಗಾಮಿನ ಮೊದಲ ಲೋಡು ಕೊನೆಯ ಲಾಟ್‌ವರೆಗೂ ಅನುಮಾನದಲ್ಲೇ ಇರುತ್ತದೆ. ಒಂದು ಲಾಟ್ ಕೆಟ್ಟರೆ ಇಡೀ ಹಂಗಾಮಿನ ಮಾಲು ತಡೆಹಿಡಿಯಬೇಕಾಗುತ್ತದೆ. ಕೊನೆಗೆ ನಾಲ್ಕು ಬಿನ್‌ಗಳಿಗೆ ಈ ನಿಯಮ ಕಟ್ಟುನಿಟ್ಟು, ಎರಡನ್ನು ಎಣ್ಣೆಗೆ ಹೋಗುವ ಮಾಲಿಗೆ ಸಡಿಲವಾಗಿ ಬಿಟ್ಟರು.

ಜಾಡು ತಪ್ಪುವ ಇನ್ನೊಂದು ಕಿಂಡಿ ಮರುಸುಲಿತ. ಸುಲಿಯದೆ ಉಳಿದ ಕಾಯಿಯನ್ನು ಚೀಲ ತುಂಬಿ ಬದಿಗಿಟ್ಟು, ಮರುದಿನ ಬೇರೆ ಬಿನ್ ಓಡುವಾಗ ಹಾಪರ್‌ಗೆ ಸುರಿಯುತ್ತಾರೆ. ಬರೀ 40 ಕಿಲೋ ಎಂದು ಯಾರೂ ಎಂಟ್ರಿ ಮಾಡುವುದಿಲ್ಲ. ಈಗ ಅಂಥ ಚೀಲಕ್ಕೆ ತಾಯಿ ಬಿನ್ನಿನ ಚೀಟಿ ಅಂಟಿಸಿ, ಅದೇ ಬಿನ್ನಿನ ಓಟ ಮುಗಿಯುವ ಮೊದಲೇ ಮತ್ತೆ ಸುಲಿದು ಮುಗಿಸುತ್ತಾರೆ.

ಬದಲಾವಣೆಯ ದಿನ

ಹಳೆಯ ಎಂಟ್ರಿಗಳನ್ನು ತಿದ್ದಲು ಹೋಗಲಿಲ್ಲ. ಸಾಲದ ಸರಪಳಿಯಲ್ಲಿ ಒಂದನ್ನು `Cancel` ಮಾಡಿದರೆ ಅದರ ಮೇಲೆ ನಿಂತ ಹತ್ತು ಬೀಳುತ್ತವೆ. ಬಿನ್‌ಗಳು ಖಾಲಿಯಾಗುವ ಹೊತ್ತು ನೋಡಿ, ಅಂಗಳದಲ್ಲಿ ಉಳಿದ ರಾಶಿಗಳನ್ನು ತೂಗಿ, `Stock Reconciliation` ಮೂಲಕ ಭೌತಿಕ ತೂಕದಿಂದ ಹೊಸದಾಗಿ ಆರಂಭಿಸಿದರು. ಹಿಂದಿನ ಲಾಟ್‌ಗಳ ಜಾಡಿಗೆ ಕಾಗದದ ರಿಜಿಸ್ಟರ್ ಅನ್ನೇ ಪ್ರಮಾಣ ಎಂದು ಇಟ್ಟುಕೊಂಡರು.

ಆನಂತರದ ಪರೀಕ್ಷೆಗಳಲ್ಲಿ ಬಿನ್ನಿನ ಪಟ್ಟಿಯೂ ರಿಜಿಸ್ಟರೂ ತಾಳೆಯಾಗುತ್ತಿವೆ. ಒಂದು ಮಾತ್ರ ಪೂರ್ತಿ ಬಗೆಹರಿದಿಲ್ಲ: ಒಂದೇ ಗಾಡಿಯಲ್ಲಿ ಮೂರು ನಾಲ್ಕು ರೈತರ ಕಾಯಿ ಬರುವುದು. ಹೆಚ್ಚು ಮಾಲಿದ್ದರೆ ಒಬ್ಬೊಬ್ಬರದ್ದನ್ನು ಇಳಿಸಿ ಪ್ರತಿ ಸಲ ಗಾಡಿಯನ್ನು ಮತ್ತೆ ತೂಗಬಹುದು. ಆದರೆ 5 ಕಿಲೋ ವಿಭಾಗದ ವೇಬ್ರಿಡ್ಜ್‌ನಲ್ಲಿ ಎರಡು ತೂಕಗಳ ವ್ಯತ್ಯಾಸದಿಂದ 300 ಕಿಲೋ ಲೆಕ್ಕ ಹಾಕಿದರೆ ಎರಡೂ ಅಳತೆಯ ದೋಷ ಸೇರಿ ಹತ್ತು ಕಿಲೋ ಅತ್ತಿತ್ತ ಆಗಬಹುದು, ಅಂದರೆ 3%ಕ್ಕಿಂತ ಹೆಚ್ಚು. ಅಷ್ಟು ಕಡಿಮೆ ತಂದವರ ಚೀಲಗಳನ್ನು ನೆಲದ ಪ್ಲಾಟ್‌ಫಾರ್ಮ್ ತಕ್ಕಡಿಯ ಮೇಲೆ ಒಂದೊಂದಾಗಿ ತೂಗುತ್ತಾರೆ, ಪ್ರತಿಯೊಬ್ಬರಿಗೂ ಬೇರೆ ಮಾದರಿ, ಬೇರೆ ಬ್ಯಾಚ್. ಆವಕ ಜೋರಿರುವ ದಿನ ಇದಕ್ಕೆ ಗಾಡಿಯೊಂದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಆಗ ಗಾಡಿ ತಂದವರ ಹೆಸರಿನಲ್ಲೇ ಎಲ್ಲವನ್ನೂ ಬರೆದು ಮುಗಿಸುವ ಒತ್ತಡ ತೂಕದ ಕೋಣೆಯ ಮೇಲೆ ಈಗಲೂ ಬರುತ್ತದೆ. ಹಾಗೆ ಬರೆದದ್ದು ವರದಿಯಲ್ಲಿ ಸಿಕ್ಕಿಬೀಳುವುದು ಒಂದೇ ರೀತಿ: ರೈತರ ನೋಂದಣಿಯಲ್ಲಿರುವ ಹೊಲದ ವಿಸ್ತೀರ್ಣಕ್ಕೆ ಬರಬಹುದಾದ ಇಳುವರಿಗಿಂತ ಅವರ ಹೆಸರಿನ ಆವಕ ಬಹಳ ಹೆಚ್ಚಿದ್ದರೆ. ಆ ವರದಿಯನ್ನು ವಾರಕ್ಕೊಮ್ಮೆ ತೆಗೆಯುತ್ತಾರೆ.